ಕೊನೆಯ ಸಾಲು ಏನು ಹೇಳುತ್ತದೆ? ಮೂರು ಸಮೀಕರಣಗಳ ಗಾಸ್ ವರ್ಜನೆ: ಒಂದು ಅಭ್ಯಾಸ ಪಾಠ

ಹತ್ತನೇ ತರಗತಿಯಲ್ಲಿ ನಮ್ಮ ಮಕ್ಕಳು ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ವರ್ಜಿಸುವ ವಿಧಾನದಿಂದ ಬಿಡಿಸಿರುತ್ತಾರೆ. ಸಹಗುಣಕಗಳ ಅನುಪಾತ ನೋಡಿ ಅನನ್ಯ ಪರಿಹಾರವೋ, ಪರಿಹಾರವಿಲ್ಲವೋ, ಅಪರಿಮಿತ ಪರಿಹಾರಗಳೋ ಎಂದು ಹೇಳುವ ಪಟ್ಟಿ ಬಹುತೇಕರಿಗೆ ಬಾಯಿಪಾಠ. ದ್ವಿತೀಯ ಪಿಯುಸಿಗೆ ಬಂದಾಗ ಸಮೀಕರಣಗಳು ಮೂರಾಗುತ್ತವೆ, ಪಠ್ಯಪುಸ್ತಕ ಮಾತೃಕೆಯ ವಿಧಾನಕ್ಕೆ ಹೋಗುತ್ತದೆ. ಇವೆರಡರ ನಡುವೆ ಒಂದು ಮೆಟ್ಟಿಲು ಖಾಲಿ ಉಳಿಯುತ್ತದೆ ಎಂಬುದು ಬೆಳಗಾವಿಯಲ್ಲಿ ಪಾಠಯೋಜನೆ ಬರೆಯುವಾಗಲೇ ನನಗೆ ಅನ್ನಿಸಿತ್ತು. ಖಾನಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅಭ್ಯಾಸ ಪಾಠಕ್ಕೆ ಸಿಕ್ಕ ಎರಡು ಅವಧಿಗಳನ್ನು ಆ ಮೆಟ್ಟಿಲಿಗೇ ಕೊಟ್ಟೆ.

ಬೆಲೆ ಕಂಡುಹಿಡಿಯುವ ಲೆಕ್ಕದಿಂದ ಶುರುಮಾಡಲು ನಮ್ಮಲ್ಲೇ ಹಳೆಯ ಆಧಾರವಿದೆ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ಇಂಥದೊಂದು ಲೆಕ್ಕವಿದೆ: 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು 107, 7 ಮಾದಲ, 9 ಬೇಲಕ್ಕೆ 101, ಬಿಡಿ ಬೆಲೆ ಎಷ್ಟು? ಮಾದಲಕ್ಕೆ 8, ಬೇಲಕ್ಕೆ 5 ಎಂದು ಮಕ್ಕಳು ಎರಡು ನಿಮಿಷದಲ್ಲಿ ಹೇಳಿದರು. ಇದೇ ಜಾತಿಯ ಲೆಕ್ಕವನ್ನು ಮೂರು ವಸ್ತುಗಳಿಗೆ ಹಿಗ್ಗಿಸಿದೆ. ಸ್ಟೇಶನರಿ ಅಂಗಡಿಯ ಬಿಲ್ಲು ಎಂದುಕೊಳ್ಳಿ. ನೋಟ್‌ಬುಕ್ಕಿನ ಬೆಲೆ x, ಪೆನ್ನಿನದು y, ಸ್ಕೇಲಿನದು z ರೂಪಾಯಿ. ಬಿಲ್ಲಿನಲ್ಲಿ ಒಟ್ಟು ಮೊತ್ತ ಮಾತ್ರ ಇದೆ.

x + y + z = 45
2x + 3y + z = 95
x + 2y + 3z = 65

ವರ್ಜನೆಯ ಕ್ರಮ ಒಂದೇ. ಮೊದಲ ಸಾಲನ್ನು ಮುಟ್ಟದೆ, ಅದರ ಸಹಾಯದಿಂದ ಕೆಳಗಿನ ಎರಡೂ ಸಾಲುಗಳಿಂದ x ತೆಗೆಯಬೇಕು. ಎರಡನೆಯ ಸಾಲಿನಿಂದ ಮೊದಲನೆಯದರ ಎರಡರಷ್ಟನ್ನು ಕಳೆದರೆ y − z = 5. ಮೂರನೆಯದರಿಂದ ಮೊದಲನೆಯದನ್ನು ಕಳೆದರೆ y + 2z = 20. ಈಗ ಎರಡನೆಯ ಸಾಲಿನ ಸಹಾಯದಿಂದ ಮೂರನೆಯದರ y ತೆಗೆದರೆ 3z = 15. ಕೆಳಗಿನಿಂದ ಮೇಲಕ್ಕೆ ಹತ್ತುತ್ತ z = 5, y = 10, x = 30. ಇಷ್ಟಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಿಜವಾದ ಪಾಠ ಮೂರನೆಯ ಬಿಲ್ಲನ್ನು ಬದಲಿಸಿದಾಗ ಶುರುವಾಯಿತು.

ಮೂರನೆಯ ಬಿಲ್ಲು ಹೀಗಿರಲಿ ಎಂದೆ: 3 ನೋಟ್‌ಬುಕ್, 5 ಪೆನ್, 1 ಸ್ಕೇಲ್, ಒಟ್ಟು 145.

x + y + z = 45
2x + 3y + z = 95
3x + 5y + z = 145

x ತೆಗೆದ ಮೇಲೆ ಎರಡನೆಯ ಸಾಲು ಮೊದಲಿನಂತೆ y − z = 5, ಮೂರನೆಯದು 2y − 2z = 10. ಮುಂದಿನ ಹೆಜ್ಜೆಗೆ ಮೂರನೆಯ ಸಾಲು 0 = 0. ಮಕ್ಕಳ ಪೆನ್ನು ಇಲ್ಲಿ ನಿಂತಿತು. "ಎಲ್ಲಾ ಹೋತ್ರೀ ಸರ್, ಏನೂ ಉಳೀಲಿಲ್ಲ," ಎಂದ ಹಿಂದಿನ ಬೆಂಚಿನವ. ನೋಟ್‌ಬುಕ್ ನೋಡುತ್ತ ಹೋದರೆ ಮೂರು ಬಗೆಯ ಉತ್ತರಗಳಿದ್ದವು. ಕೆಲವರು x = 0, y = 0, z = 0 ಎಂದು ಬರೆದಿದ್ದರು; ಕೆಲವರು ಪರಿಹಾರವಿಲ್ಲ ಎಂದು; ಇನ್ನು ಕೆಲವರು ಅಪರಿಮಿತ ಪರಿಹಾರಗಳು ಎಂದು ಬರೆದು ಅಲ್ಲಿಗೇ ಅಡಿಗೆರೆ ಎಳೆದಿದ್ದರು. ಮೂರನೆಯ ಗುಂಪಿನವರ ಮಾತು ಸರಿ. ಆದರೆ "ಹಾಗಾದರೆ ಒಂದು ಪರಿಹಾರ ಹೇಳು" ಎಂದಾಗ ಒಬ್ಬಳು "ಯಾವುದಾದರೂ ನಡೀತದ್ರೀ, ಹತ್ತು, ಹತ್ತು, ಹತ್ತು" ಎಂದಳು. ಮೊದಲ ಬಿಲ್ಲಿನಲ್ಲಿ ಹಾಕಿ ನೋಡಲು ಹೇಳಿದೆ. 30 ಬಂತು, ಬೇಕಾದದ್ದು 45. ಅಪರಿಮಿತ ಎಂದರೆ ಯಾವುದಾದರೂ ಎಂದಲ್ಲ ಎಂಬುದು ಅವಳ ಬಾಯಿಂದಲೇ ಬಂತು.

ಹಾಗಾದರೆ ಯಾವ ಯಾವ ಬೆಲೆಗಳು ನಡೆಯುತ್ತವೆ? 0 = 0 ಎಂಬ ಸಾಲು ನಮಗೆ ಏನನ್ನೂ ವಿಧಿಸುವುದಿಲ್ಲ, ಆದರೆ ಮೇಲಿನ ಎರಡು ಸಾಲುಗಳು ಹಾಗೆಯೇ ಉಳಿದಿವೆ. z ಅನ್ನು ನಿರ್ಧರಿಸುವ ಸಾಲೇ ಇಲ್ಲ, ಆದ್ದರಿಂದ ಅದನ್ನು t ಎಂದು ಬಿಡೋಣ. ಎರಡನೆಯ ಸಾಲಿನಿಂದ y = 5 + t. ಮೊದಲನೆಯದರಿಂದ x = 45 − (5 + t) − t = 40 − 2t. ಸ್ಕೇಲಿಗೆ 5 ಎಂದರೆ ಪೆನ್ನಿಗೆ 10, ನೋಟ್‌ಬುಕ್ಕಿಗೆ 30. ಸ್ಕೇಲಿಗೆ 8 ಎಂದರೆ 13 ಮತ್ತು 24. ಎರಡನ್ನೂ ಮೂರು ಬಿಲ್ಲುಗಳಿಗೂ ಹಾಕಿ ನೋಡಿದರು, ಎಲ್ಲವೂ ಕೂಡಿಬಂದವು. t ಗೆ 30 ಹಾಕಿದರೆ ನೋಟ್‌ಬುಕ್ಕಿನ ಬೆಲೆ −20 ಆಗುತ್ತದಲ್ಲ ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಸಮೀಕರಣಗಳಿಗೆ ಅದೂ ಪರಿಹಾರವೇ, ಅಂಗಡಿಗೆ ಅಲ್ಲ. ಬೆಲೆಗಳು ಪೂರ್ಣ ರೂಪಾಯಿಗಳಾಗಿದ್ದು ಯಾವುದೂ ಪುಕ್ಕಟೆ ಅಲ್ಲದಿದ್ದರೆ t ಯ ಬೆಲೆ 1ರಿಂದ 19ರವರೆಗೆ ಮಾತ್ರ, ಅಂದರೆ ಅಂಗಡಿಯ ಮಟ್ಟಿಗೆ ಹತ್ತೊಂಬತ್ತೇ ಉತ್ತರಗಳು.

ಇಲ್ಲಿ ಇನ್ನೊಂದು ಪ್ರಶ್ನೆ ಕೇಳುವುದು ಒಳ್ಳೆಯದೆಂದು ನನ್ನ ಅನುಭವ: ಬಿಡಿ ಬೆಲೆ ಗೊತ್ತಿಲ್ಲ, ಆದರೂ 1 ನೋಟ್‌ಬುಕ್, 2 ಪೆನ್ ಕೊಂಡರೆ ಎಷ್ಟಾಗುತ್ತದೆ ಎಂದು ಹೇಳಬಹುದೇ? ಆಗುವುದಿಲ್ಲ ಎಂದೇ ಎಲ್ಲರ ಊಹೆ. ಲೆಕ್ಕ ಮಾಡಿದರೆ (40 − 2t) + 2(5 + t) = 50. t ಮಾಯವಾಯಿತು. ಎರಡನೆಯ ಬಿಲ್ಲಿನಿಂದ ಮೊದಲ ಬಿಲ್ಲನ್ನು ಕಳೆದರೆ ಉಳಿಯುವುದೂ ಅದೇ. ಅಪರಿಮಿತ ಪರಿಹಾರಗಳಿದ್ದರೂ ಕೆಲವು ವಿಷಯಗಳು ಖಚಿತವಾಗಿಯೇ ತಿಳಿದಿರುತ್ತವೆ ಎಂಬುದು ಇದರಿಂದ ಕಾಣುತ್ತದೆ.

ಈಗ ಅದೇ ಮೂರನೆಯ ಬಿಲ್ಲಿನ ಮೊತ್ತವನ್ನು 145ರ ಬದಲು 150 ಎಂದು ತಿದ್ದಿದೆ. ಎಡಭಾಗ ಒಂದಿಷ್ಟೂ ಬದಲಾಗಿಲ್ಲ. ಹೆಜ್ಜೆಗಳೂ ಅವೇ. x ತೆಗೆದ ಮೇಲೆ 2y − 2z = 15; y ತೆಗೆದ ಮೇಲೆ 0 = 5. ಕೆಲವರು ಇದನ್ನು z = 5 ಎಂದು ಓದಿದರು. ಸೊನ್ನೆಯ ಪಕ್ಕದಲ್ಲಿ z ಇತ್ತು, ಬಲಕ್ಕೆ 5 ಇತ್ತು, ಮೊದಲ ಲೆಕ್ಕದಲ್ಲಿ z = 5 ಬಂದೂ ಇತ್ತು; ಹಾಗೆ ಓದಿದ್ದು ಸಹಜ. ಆ ಸಾಲನ್ನು 0x + 0y + 0z = 5 ಎಂದು ಪೂರ್ತಿ ಬರೆಸಿದೆ. ಯಾವ ಬೆಲೆ ಹಾಕಿದರೂ ಎಡಗಡೆ ಸೊನ್ನೆಯೇ. ವರ್ಜನೆಯಲ್ಲಿ ಮಾಯವಾದ ಪದಗಳನ್ನು ಕೆಲವು ದಿನ ಹೀಗೆ ಸೊನ್ನೆ ಹಾಕಿ ಬರೆಸಿದರೆ ಈ ಗೊಂದಲ ಹತ್ತಿರ ಸುಳಿಯುವುದಿಲ್ಲ.

ಪರಿಹಾರವಿಲ್ಲ ಎಂದು ಬರೆದು ಮುಂದೆ ಹೋಗುವ ಮೊದಲು ಆ 5 ಏನು ಎಂದು ಕೇಳಬೇಕು. ನಾವು ಮಾಡಿದ ಹೆಜ್ಜೆಗಳನ್ನು ಒಟ್ಟು ಸೇರಿಸಿದರೆ, ಮೂರನೆಯ ಸಾಲಿನಿಂದ ಎರಡನೆಯದರ ಎರಡರಷ್ಟನ್ನು ಕಳೆದು ಮೊದಲನೆಯದನ್ನು ಕೂಡಿಸಿದಂತಾಗಿದೆ. ಅಂದರೆ ಮೂರನೆಯ ಬಿಲ್ಲಿನ ಸಾಮಾನು ಎಂದರೆ ಎರಡನೆಯ ಬಿಲ್ಲನ್ನು ಎರಡು ಸಲ ಕೊಂಡು, ಅದರಲ್ಲಿ ಮೊದಲ ಬಿಲ್ಲಿನಷ್ಟನ್ನು ವಾಪಸ್ ಕೊಟ್ಟಂತೆ: 4 − 1 = 3 ನೋಟ್‌ಬುಕ್, 6 − 1 = 5 ಪೆನ್, 2 − 1 = 1 ಸ್ಕೇಲ್. ಹಾಗಿದ್ದರೆ ಹಣ 190 − 45 = 145 ಆಗಲೇಬೇಕು. 150 ಬರೆದಿದೆ. "ಮೂರನೇ ಬಿಲ್ಲಿನ್ಯಾಗ ಐದು ರೂಪಾಯಿ ಜಾಸ್ತಿ ಹಾಕ್ಯಾರ್ರೀ," ಎಂದಳು ಮುಂದಿನ ಬೆಂಚಿನ ಹುಡುಗಿ. ಮೂರನೆಯದರಲ್ಲೇ ಹೆಚ್ಚಾಗಿದೆ ಎಂದು ಹೇಗೆ ಹೇಳುತ್ತೀ, ಮೊದಲನೆಯದು 50 ಇರಬೇಕಿದ್ದು ತಪ್ಪಿ 40ರ ಹತ್ತಿರ ಇಳಿದಿರಬಹುದಲ್ಲ ಎಂದು ಅವಳ ಪಕ್ಕದವಳು ತಕರಾರು ತೆಗೆದಳು. ಹಲಗೆಯ ಮೇಲೆ ಪರೀಕ್ಷಿಸಿದೆವು. ಮೂರನೆಯದು 150 ಆಗಿಯೇ ಉಳಿದು ಎರಡನೆಯದು 95 ಇದ್ದರೆ, ಮೊದಲನೆಯದು 190 − 150 = 40 ಇರಬೇಕಿತ್ತು. ಹಾಗೆ ತಿದ್ದಿದರೂ ಕೊನೆಯ ಸಾಲು 0 = 0 ಆಗುತ್ತದೆ. ಅವಳ ಸಂಖ್ಯೆಯ ದಿಕ್ಕು ತಿರುಗಿತ್ತಾದರೂ ತಕರಾರು ಸರಿಯಾಗಿತ್ತು: ಮೂರು ಬಿಲ್ಲುಗಳಿಗೆ ಪರಸ್ಪರ ತಾಳೆಯಿಲ್ಲ ಎಂಬುದನ್ನಷ್ಟೇ ವರ್ಜನೆ ಹೇಳುತ್ತದೆ, ಯಾವುದು ತಪ್ಪು ಎಂಬುದನ್ನಲ್ಲ. ಬೇರೆ ಬೇರೆ ದಿನ ಬೇರೆ ಬೆಲೆಗೆ ಮಾರಿರಲೂಬಹುದು.

ಹತ್ತನೇ ತರಗತಿಯ ಅನುಪಾತದ ನಿಯಮ ಇಲ್ಲಿ ದಾರಿ ತಪ್ಪಿಸುತ್ತದೆ. 1 : 1 : 1, 2 : 3 : 1, 3 : 5 : 1, ಇವುಗಳಲ್ಲಿ ಯಾವ ಎರಡೂ ಸಮಾನುಪಾತದಲ್ಲಿಲ್ಲ. ಯಾವ ಎರಡು ಸಾಲುಗಳನ್ನು ತೆಗೆದುಕೊಂಡರೂ ಅವುಗಳ ನಡುವೆ ಜಗಳವಿಲ್ಲ. ಜಗಳ ಇರುವುದು ಮೂರೂ ಸೇರಿದಾಗ. ಇದನ್ನು ತೋರಿಸಲು ಮೂರು ರಟ್ಟುಗಳು ಸಾಕು. ಪುಸ್ತಕದ ಮೂರು ಹಾಳೆಗಳು ಬೆನ್ನಿನಲ್ಲಿ ಕೂಡುವಂತೆ ಹಿಡಿದರೆ ಮೂರು ಸಮತಲಗಳಿಗೆ ಒಂದು ಸಾಮಾನ್ಯ ರೇಖೆ: 145ರ ಲೆಕ್ಕ. ಅವುಗಳಲ್ಲಿ ಒಂದನ್ನು ತಿರುಗಿಸದೆ ಪಕ್ಕಕ್ಕೆ ಸರಿಸಿದರೆ ತ್ರಿಕೋನಾಕಾರದ ಕೊಳವೆಯಾಗುತ್ತದೆ. ಎರಡೆರಡು ರಟ್ಟುಗಳು ಒಂದೊಂದು ಅಂಚಿನಲ್ಲಿ ಕೂಡುತ್ತವೆ, ಮೂರೂ ಒಟ್ಟಿಗೆ ಎಲ್ಲಿಯೂ ಇಲ್ಲ. ಅದೇ 150ರ ಲೆಕ್ಕ.

ಪಠ್ಯಪುಸ್ತಕದ ದಾರಿಯನ್ನೂ ಇದಕ್ಕೆ ಹೊಂದಿಸಿ ತೋರಿಸಬೇಕಾಗುತ್ತದೆ, ಪರೀಕ್ಷೆಗೆ ಬೇಕಾದದ್ದು ಅದೇ. ಈ ಸಹಗುಣಕಗಳ ನಿರ್ಧಾರಕ −2 + 1 + 1 = 0. ಇದು ಅನನ್ಯ ಪರಿಹಾರವಿಲ್ಲ ಎಂದಷ್ಟೇ ಹೇಳುತ್ತದೆ. 145ಕ್ಕೂ 150ಕ್ಕೂ ಅದು ಒಂದೇ, ಏಕೆಂದರೆ ಬಲಭಾಗವನ್ನು ಅದು ನೋಡುವುದೇ ಇಲ್ಲ. ಆಮೇಲೆ (adj A)B ಲೆಕ್ಕ ಮಾಡಬೇಕು. 150 ಇದ್ದಾಗ ಅದು −10, 5, 5 ಎಂದು ಬರುತ್ತದೆ, ಸೊನ್ನೆಯಲ್ಲ, ಆದ್ದರಿಂದ ಪರಿಹಾರವಿಲ್ಲ. 145 ಇದ್ದಾಗ ಮೂರೂ ಸೊನ್ನೆ. ಆದರೆ ಹಾಗೆ ಸೊನ್ನೆ ಬಂದಾಗ ಪುಸ್ತಕವೂ ಎರಡೂ ಸಾಧ್ಯ ಎಂದು ಹೇಳಿ ಬಿಡುತ್ತದೆ. x + y + z = 1, x + y + z = 2, x + y + z = 3 ಎಂಬುದನ್ನು ನೋಡಿ: (adj A)B ಸೊನ್ನೆಯೇ, ಪರಿಹಾರ ಮಾತ್ರ ಇಲ್ಲ. ವರ್ಜನೆ ಮಾಡಿದರೆ ಒಂದೇ ಹೆಜ್ಜೆಗೆ 0 = 1 ಬರುತ್ತದೆ.

ಇನ್ನೊಂದು ಎಚ್ಚರಿಕೆ, ಎರಡನೆಯ ಅವಧಿಯಲ್ಲಿ ಕಂಡದ್ದು. ಎರಡನೆಯ ಬಿಲ್ಲು 2x + 2y + z = 85, ಮೂರನೆಯದು x + 2y + 3z = 65 ಎಂದು ಕೊಟ್ಟೆ. x ತೆಗೆಯುವಾಗಲೇ ಎರಡನೆಯ ಸಾಲಿನ y ಕೂಡ ಹೋಗಿ −z = −5 ಉಳಿಯಿತು. ಹಿಂದಿನ ದಿನದ ಸೊನ್ನೆಗಳ ನೆನಪಿನಲ್ಲಿ ಅರ್ಧ ತರಗತಿ ಪರಿಹಾರವಿಲ್ಲ ಎಂದು ಬರೆಯಿತು. ಇರಬೇಕಾದ ಜಾಗದಲ್ಲಿ ಒಂದು ಸೊನ್ನೆ ಬಂದರೆ ಕೆಳಗಿನ ಸಾಲಿನೊಂದಿಗೆ ಅದಲುಬದಲು ಮಾಡಿ ಮುಂದುವರಿಯುವುದಷ್ಟೇ; ಇಲ್ಲಿ y + 2z = 20 ಮೇಲೆ ಬಂದು, ಮತ್ತೆ 30, 10, 5 ಸಿಗುತ್ತದೆ. ತೀರ್ಪು ಕೊಡಬೇಕಾದದ್ದು ಎಡಭಾಗ ಪೂರ್ತಿ ಸೊನ್ನೆಯಾದ ಸಾಲು ಬಂದಾಗ, ಅದೂ ಅದರ ಬಲಭಾಗ ನೋಡಿ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಮೊದಲ ಎರಡು ಬಿಲ್ಲುಗಳು ಹಾಗೆಯೇ ಇರಲಿ, 4 ನೋಟ್‌ಬುಕ್, 5 ಪೆನ್, 3 ಸ್ಕೇಲಿನ ಮೂರನೆಯ ಬಿಲ್ಲಿಗೆ ಎಷ್ಟು ಮೊತ್ತ ಬರೆದರೆ ಪರಿಹಾರಗಳಿರುತ್ತವೆ? ಹೆಚ್ಚಿನವರು ಮೊತ್ತವನ್ನು k ಎಂದಿಟ್ಟು ವರ್ಜನೆ ಮಾಡಿ, 0 = k − 185 ಎಂಬಲ್ಲಿಗೆ ತಲುಪಿ 185 ಎಂದು ಬರೆದರು. ಮೂವರು ಮಾತ್ರ ವರ್ಜನೆಯನ್ನೇ ಮಾಡದೆ, ಮೊದಲ ಬಿಲ್ಲು ಎರಡು ಸಲ, ಎರಡನೆಯದು ಒಂದು ಸಲ, 90 ಮತ್ತು 95 ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು.