ಮುರಿಯಲೆಂದೇ ಹಾಕುವ ಬೋಲ್ಟು

ತಮ್ಮಾ, ಈ ಸಲದಿಂದ ನೀನು ಬಾಡಿಗೆಗೆ ರೋಟವೇಟರ್ ಹೊಡೆಯಲು ಇಳಿದಿದ್ದೀ. ಕೂಳೆ ಕಬ್ಬು ತೆಗೆದ ಗದ್ದೆಯೂ ಸಿಗುತ್ತದೆ, ಕಲ್ಲಿರುವ ಹೊಲವೂ ಸಿಗುತ್ತದೆ, ಬದುವಿನ ಅಂಚಿನಲ್ಲಿ ಹೂತುಹೋದ ಬೇಲಿ ತಂತಿಯೂ ಸಿಗುತ್ತದೆ. ಗದ್ದೆಗೆ ಇಳಿಯುವ ಮೊದಲು ಪಿಟಿಒ ಶಾಫ್ಟಿನ ರೋಟವೇಟರ್ ಕಡೆಯ ತುದಿಯನ್ನು ಒಮ್ಮೆ ನೋಡು. ಅಲ್ಲಿ ಎರಡು ಫ್ಲೇಂಜನ್ನು ಸೇರಿಸಿ ಹಿಡಿದಿರುವ ಒಂಟಿ ಶಿಯರ್ ಬೋಲ್ಟ್ ಇದೆಯಲ್ಲ, ಅದರ ವಿಷಯ ನಿನಗೆ ಹೇಳಬೇಕಾಗಿದೆ.

ನಮ್ಮ ಶೆಡ್ಡಿಗೆ ಒಬ್ಬ ಹುಡುಗ ತನ್ನ ರೋಟವೇಟರ್ ತಂದಿದ್ದ. ಗೇರ್‌ಬಾಕ್ಸ್ ಬಿಚ್ಚಿದರೆ ಪಿನಿಯನ್ನಿನ ಹಲ್ಲು ಮುರಿದು ಎಣ್ಣೆಯೊಳಗೆ ಬಿದ್ದಿತ್ತು, ಕ್ರೌನ್ ವೀಲೂ ಕೆಟ್ಟಿತ್ತು. ಶಾಫ್ಟಿನ ಶಿಯರ್ ಬೋಲ್ಟ್ ಮಾತ್ರ ಹೊಸದರಂತೆ ಗಟ್ಟಿಯಾಗಿ ಕೂತಿತ್ತು. ಅದರ ತಲೆಯ ಮೇಲೆ 12.9 ಎಂದು ಒತ್ತಿದ್ದರು. "8.8 ಹಾಕಿದ್ರೆ ದಿನಾ ಕಟ್ ಆಗ್ತಿತ್ತಣ್ಣ, ಅದಕ್ಕೆ ಗಟ್ಟಿದು ಹಾಕ್ದೆ" ಅಂದ. ಕಷ್ಟಪಟ್ಟು ದುಡಿಯುವ ಹುಡುಗ, ಹೊತ್ತು ಹಾಳಾಗುತ್ತದೆ ಎಂದು ಮಾಡಿದ್ದ ಕೆಲಸ. ಅದರ ಲೆಕ್ಕವನ್ನು ಅವನಿಗೆ ಬಿಡಿಸಿ ಹೇಳಿದೆ, ನೀನೂ ಕೇಳು.

45 ಎಚ್‌ಪಿ ಟ್ರ್ಯಾಕ್ಟರಿನಲ್ಲಿ ಪಿಟಿಒಗೆ ಬಂದು ಮುಟ್ಟುವುದು ಸುಮಾರು 38 ಎಚ್‌ಪಿ, ಅಂದರೆ 28 ಕಿಲೋವ್ಯಾಟ್. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವಾಗ ಇಷ್ಟು ಶಕ್ತಿ ಸಾಗಿಸಲು ಶಾಫ್ಟಿಗೆ ಬೇಕಾದ ತಿರುಚು ಬಲ ಸುಮಾರು 500 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 50 ಕೆಜಿ ಸಿಮೆಂಟ್ ಮೂಟೆ ನೇತುಹಾಕಿದರೆ ಎಷ್ಟೋ ಅಷ್ಟು. ಶಾಫ್ಟಿನ ನಡುವಿನಿಂದ 50 ಮಿಲಿಮೀಟರ್ ದೂರದಲ್ಲಿ ಕೂತಿರುವ 8 ಮಿಲಿಮೀಟರ್ ದಪ್ಪದ 8.8 ಬೋಲ್ಟು ಕತ್ತರಿಸಿಹೋಗುವುದು ಹೆಚ್ಚುಕಡಿಮೆ 1,200ಕ್ಕೆ. ಮಣ್ಣು ಗಟ್ಟಿಯಾಗಿ ಬಂದಾಗ, ಪಿಟಿಒ ಹಾಕಿದ ಗಳಿಗೆಯಲ್ಲಿ, ಸಣ್ಣಪುಟ್ಟ ಕಲ್ಲು ತಗುಲಿದಾಗ ಬೀಳುವ ಏಟನ್ನೆಲ್ಲ ತಡೆದುಕೊಳ್ಳಲು ಆ ಹೆಚ್ಚಿನ ಬಲ ಬೇಕು. ಅದೇ ದಪ್ಪದ 12.9 ಬೋಲ್ಟು 1,800ರ ತನಕ ಜಗ್ಗುವುದಿಲ್ಲ. ತೂತು ಕೊರೆದು 10 ಮಿಲಿಮೀಟರಿನ 8.8 ಹಾಕಿದರೂ ಹತ್ತಿರ ಹತ್ತಿರ 1,900. ಗೇರ್‌ಬಾಕ್ಸ್ ಮಾಡಿದವನು ತನ್ನ ಪಿನಿಯನ್ನಿನ ಹಲ್ಲನ್ನು ಲೆಕ್ಕ ಹಾಕಿದ್ದು ಬೋಲ್ಟು ಮೊದಲೇ ಹೋಗುತ್ತದೆ ಎಂಬ ನಂಬಿಕೆಯ ಮೇಲೆ. ನಡುವಿನ ಆ 600 ನ್ಯೂಟನ್ ಮೀಟರನ್ನು ಯಾವುದೋ ಒಂದು ಭಾಗ ಹೊರಲೇಬೇಕು. ಅವನ ಯಂತ್ರದಲ್ಲಿ ಹೊತ್ತದ್ದು ಪಿನಿಯನ್.

ಎಂಜಿನ್ ಕೊಡುವುದೇ 500 ಆದರೆ 1,800 ಎಲ್ಲಿಂದ ಬರುತ್ತದೆ ಎಂದು ಅವನೂ ಕೇಳಿದ. ಬ್ಲೇಡು ಬಂಡೆಯ ಸಂದಿಗೆ ಸಿಕ್ಕಿ ರೋಟರ್ ಗಪ್ಪನೆ ನಿಂತಾಗ ಟ್ರ್ಯಾಕ್ಟರಿನ ಫ್ಲೈವೀಲ್ ಇನ್ನೂ ಜೋರಾಗಿ ತಿರುಗುತ್ತಿರುತ್ತದೆ. ಅದರಲ್ಲಿ ತುಂಬಿಕೊಂಡಿರುವ ಓಟವೆಲ್ಲ ಕಣ್ಣು ಮಿಟುಕಿಸುವುದರೊಳಗೆ ಶಾಫ್ಟಿನ ಮೇಲೆ ಬೀಳುತ್ತದೆ. ಸಾಲದ್ದಕ್ಕೆ ಸುತ್ತು ಇಳಿಯಿತೆಂದು ಗವರ್ನರ್ ಇನ್ನಷ್ಟು ಡೀಸೆಲ್ ಬಿಡುತ್ತದೆ. ನಿನ್ನ ಕಾಲು ಕ್ಲಚ್ ಮುಟ್ಟುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿರುತ್ತದೆ. ಎಷ್ಟೇ ಚುರುಕಿನ ಡ್ರೈವರ್ ಆದರೂ ಬೋಲ್ಟಿನಷ್ಟು ಬೇಗ ಬಿಡಿಸಲಾರ.

ಹಾಗಾದರೆ ಸರಿಯಾದ ಬೋಲ್ಟು ದಿನಾ ಯಾಕೆ ತುಂಡಾಗುತ್ತಿತ್ತು? ಅವನ ಟೂಲ್ ಬಾಕ್ಸಿನಲ್ಲಿ ಹಳೆಯ ತುಂಡುಗಳು ಬಿದ್ದಿದ್ದವು, ಆರಿಸಿ ನೋಡಿದೆ. ಒಂದೇ ಏಟಿಗೆ ಕತ್ತರಿಸಿದ ಬೋಲ್ಟಿನ ಮುಖ ಚಪ್ಪಟೆಯಾಗಿರುತ್ತದೆ, ಒಂದೇ ದಿಕ್ಕಿಗೆ ಎಳೆದ ಗೀರುಗಳಿರುತ್ತವೆ. ಅವನವು ಹಾಗಿರಲಿಲ್ಲ. ಅರ್ಧ ಮುಖ ಉಜ್ಜಿ ನುಣುಪಾಗಿ ಕಪ್ಪಾಗಿತ್ತು, ಉಳಿದರ್ಧ ಮಾತ್ರ ಹೊಸದಾಗಿ ಒರಟಾಗಿ ಮುರಿದಿತ್ತು. ಅಂದರೆ ಬಿರುಕು ಮೊದಲೇ ಹುಟ್ಟಿ, ದಿನವಿಡೀ ಸ್ವಲ್ಪ ಸ್ವಲ್ಪವೇ ಬೆಳೆದು, ಕೊನೆಗೆ ಸಣ್ಣ ಭಾರಕ್ಕೇ ಬೋಲ್ಟು ಕೈಬಿಟ್ಟಿದೆ. ಫ್ಲೇಂಜಿನ ತೂತು ನೋಡಿದರೆ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಸಡಿಲ ತೂತಿನಲ್ಲಿ ಬೋಲ್ಟು ಕತ್ತರಿಯೇಟನ್ನಷ್ಟೇ ತಿನ್ನುವುದಿಲ್ಲ, ಒಂದೊಂದು ಸುತ್ತಿಗೂ ಬಾಗಿ ಬಾಗಿ ದಣಿಯುತ್ತದೆ. ಆ ಫ್ಲೇಂಜ್ ಬದಲಿಸಿದ್ದರೆ ಪಿನಿಯನ್, ಕ್ರೌನ್ ಎರಡೂ ಉಳಿಯುತ್ತಿದ್ದವು. ತುಂಡಾದ ಬೋಲ್ಟನ್ನು ಎಸೆಯಬೇಡ, ಮುಖ ನೋಡಿಯೇ ಹೊಸದನ್ನು ಹಾಕು. ಒಂದೇ ಏಟಿಗೆ ಹೋದದ್ದಾದರೆ ಗದ್ದೆಯಲ್ಲಿ ಏನೋ ಇದೆ ಅಥವಾ ನೀನು ಆಕ್ಸಿಲರೇಟರ್ ಏರಿಸಿಕೊಂಡು ಪಿಟಿಒ ಹಾಕುತ್ತಿದ್ದೀ. ದಣಿದು ಹೋದದ್ದಾದರೆ ದೋಷ ಶಾಫ್ಟಿನಲ್ಲೇ ಇದೆ.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಬೋಲ್ಟು ಮುರಿದ ಮೇಲೆ ಒಂದು ಫ್ಲೇಂಜ್ ಇನ್ನೊಂದರ ಮೇಲೆ ಸರಾಗವಾಗಿ ತಿರುಗಬೇಕು. ಗ್ರೀಸ್ ಕಾಣದೆ ಒಳಗಿನ ಬುಷ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬೋಲ್ಟು ಹೋದರೂ ಶಾಫ್ಟು ಬಿಡುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಗ್ರೀಸ್ ನಿಪ್ಪಲ್ ಇರುತ್ತದೆ, ಮಣ್ಣು ಮೆತ್ತಿ ಮುಚ್ಚಿಹೋಗಿರಬಹುದು. ಋತುವಿಗೆ ಒಮ್ಮೆಯಾದರೂ ಬೋಲ್ಟು ತೆಗೆದು ಫ್ಲೇಂಜನ್ನು ಕೈಯಲ್ಲೇ ತಿರುಗಿಸಿ ನೋಡು.

ಹೊಸ ಬೋಲ್ಟು ಹಾಕುವಾಗ ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊ. ಸಿಕ್ಕಿಕೊಂಡ ಕಲ್ಲನ್ನೋ ತಂತಿಯನ್ನೋ ಮೊದಲು ತೆಗೆ, ಬೋಲ್ಟು ಆಮೇಲೆ. ತಂತಿ ಬಿಗಿಯಾಗಿ ಸುತ್ತಿದ್ದರೆ ಕತ್ತರಿಸಿದ ಕೂಡಲೇ ರೋಟರ್ ಹಿಂದಕ್ಕೆ ಚಿಮ್ಮುತ್ತದೆ, ಕೈ ಬ್ಲೇಡಿನ ದಾರಿಯಲ್ಲಿರಬಾರದು. ಎರಡು ಫ್ಲೇಂಜ್ ಕೂಡುವ ಜಾಗದಲ್ಲಿ ಬೋಲ್ಟಿನ ನುಣುಪು ಭಾಗ ಬರಬೇಕು, ಮರೆ ಬಂದರೆ ಬಲ ಕಾಲು ಭಾಗಕ್ಕಿಂತ ಹೆಚ್ಚೇ ತಗ್ಗುತ್ತದೆ. ತಲೆಯ ಮೇಲೆ ಅಂಕಿಯೇ ಇಲ್ಲದ ಮೆತ್ತನೆ ಬೋಲ್ಟು 600ರ ಆಸುಪಾಸಿನಲ್ಲೇ ಹೋಗುತ್ತದೆ, ಅದನ್ನು ಹಾಕಿದರೆ ಪಿಟಿಒ ಹಾಕಿದಾಗಲೆಲ್ಲ ತುಂಡಾಗುತ್ತದೆ. ಕೈಗೆ ಸಿಕ್ಕಿತೆಂದು ಉದ್ದದ ಬೋಲ್ಟನ್ನೂ ಹಾಕಬೇಡ. ನಟ್ಟಿನಾಚೆ ಚಾಚಿದ ತುದಿ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತಿರುತ್ತದೆ. ಹೆಗಲ ಟವೆಲ್ಲೋ ಪಂಚೆಯ ಅಂಚೋ ಅದಕ್ಕೆ ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಶಾಫ್ಟಿನ ಪ್ಲಾಸ್ಟಿಕ್ ಕವರ್ ಬಿಚ್ಚಿಟ್ಟು ಕೆಲಸಕ್ಕೆ ಇಳಿಯಲೇಬೇಡ.

ನಿನ್ನ ಕಡೆ ಕಲ್ಲು ಹೊಲವೇ ಹೆಚ್ಚಿದ್ದರೆ, ಗಳಿಗೆಗೊಮ್ಮೆ ಇಳಿದು ಬೋಲ್ಟು ಬದಲಿಸುವ ಬದಲು ಸ್ಲಿಪ್ ಕ್ಲಚ್ ಇರುವ ಶಾಫ್ಟ್ ತಗೋ ಎಂದೇ ನಾನು ಹೇಳುವುದು. ಅದರಲ್ಲಿ ಸ್ಪ್ರಿಂಗುಗಳು ಒತ್ತಿ ಹಿಡಿದ ಡಿಸ್ಕುಗಳಿರುತ್ತವೆ. ಭಾರ ಮಿತಿ ದಾಟಿದಾಗ ಅವು ಜಾರುತ್ತವೆ, ತಡೆ ಸರಿದ ಮೇಲೆ ಮತ್ತೆ ಹಿಡಿಯುತ್ತವೆ. ಆದರೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಜಾರಲು ಬಿಟ್ಟರೆ ಲೈನಿಂಗ್ ಸುಡುತ್ತದೆ. ವಾಸನೆ ಬಂದ ಕೂಡಲೇ ಪಿಟಿಒ ತೆಗೆ.

ಸ್ಲಿಪ್ ಕ್ಲಚ್ಚಿನ ನಿಜವಾದ ಶತ್ರು ಮಳೆಗಾಲ. ತಿಂಗಳುಗಟ್ಟಲೆ ಶೆಡ್ಡಿನ ಹೊರಗೆ ನಿಂತರೆ ಡಿಸ್ಕುಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಒಳಗೆ ಮಾತ್ರ 12.9 ಬೋಲ್ಟು ಹಾಕಿದಷ್ಟೇ ಬಿಗಿ. ಆದ್ದರಿಂದ ಋತುವಿನ ಮೊದಲ ದಿನ ಪ್ರತಿ ಸ್ಪ್ರಿಂಗಿನ ಉದ್ದ ಅಳೆದು ಬರೆದುಕೊ. ನಟ್ಟುಗಳನ್ನು ಒಂದೇ ಸಮ ಸಡಿಲಿಸಿ, ಡಿಸ್ಕುಗಳಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆ. ರೋಟವೇಟರನ್ನು ಮಣ್ಣಿಗೆ ಇಳಿಸಿ, ಎಂಜಿನ್ ನಿಧಾನವಾಗಿಟ್ಟು ಒಂದೆರಡು ಸೆಕೆಂಡ್ ಪಿಟಿಒ ಹಾಕಿ ತೆಗೆ. ಎಂಜಿನ್ ಆರಿಸಿ ಇಳಿದು ನೋಡು. ಗೆರೆ ತುಂಡಾಗಿ ಅತ್ತಿತ್ತ ಸರಿದಿದ್ದರೆ ಡಿಸ್ಕು ಬಿಟ್ಟಿದೆ. ಸರಿಯದಿದ್ದರೆ ಕ್ಲಚ್ ಬಿಚ್ಚಿ ತುಕ್ಕು ಉಜ್ಜಿ ತೆಗೆಯಬೇಕು. ಆಮೇಲೆ ಕಂಪನಿ ಪುಸ್ತಕದಲ್ಲಿರುವ ಉದ್ದಕ್ಕೆ ಪ್ರತಿ ಸ್ಪ್ರಿಂಗನ್ನೂ ಅಳೆದೇ ಬಿಗಿ ಮಾಡು, ಪುಸ್ತಕ ಕಳೆದಿದ್ದರೆ ನೀನು ಬರೆದಿಟ್ಟ ಉದ್ದಕ್ಕೆ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವಷ್ಟು ತಿರುಗಿಸಿದರೆ ಆ ಕ್ಲಚ್ ಇನ್ನು ಜಾರುವುದಿಲ್ಲ.