ತಿಂದಷ್ಟಕ್ಕೇ ತೆರಿಗೆ

ನಿಮ್ಮ ಬೇಸರ ನ್ಯಾಯವಾದದ್ದೇ. ನಾಲ್ವರ ಊಟ 3,000 ರೂಪಾಯಿ, ಶೇ 10ರ ಸೇವಾ ಶುಲ್ಕ 300, ಎರಡೂ ಸೇರಿದ ಮೊತ್ತಕ್ಕೆ ಶೇ 5ರ ಜಿಎಸ್‌ಟಿ 165, ಒಟ್ಟು 3,465. ಸಮನಾಗಿ ಹಂಚಿದ್ದರಿಂದ ಕಡಿಮೆ ತಿಂದ ನೀವೂ 866 ರೂಪಾಯಿ ಕೊಡಬೇಕಾಯಿತು.

ತಿಂದಷ್ಟಕ್ಕೇ ಕೊಡಲು ಒಟ್ಟು ಬಿಲ್ಲನ್ನು ಊಟದ ಮೊತ್ತದಿಂದ ಭಾಗಿಸಿ: 1.155. ಎಲ್ಲರೂ ಹಂಚಿಕೊಂಡ ಸ್ಟಾರ್ಟರ್‌ನಲ್ಲಿ ನಿಮ್ಮ ಕಾಲು ಪಾಲೂ ಸೇರಿ ನೀವು ತಿಂದದ್ದು 400 ರೂಪಾಯಿಯದು. ಅದನ್ನು 1.155ರಿಂದ ಗುಣಿಸಿದರೆ 462, ಅಷ್ಟೇ ನಿಮ್ಮ ಪಾಲು. ನಾಲ್ವರ ಪಾಲು ಕೂಡಿದಾಗ 3,465ಕ್ಕಿಂತ ಕಡಿಮೆ ಬಂದರೆ ಯಾವುದೋ ತಿನಿಸು ಯಾರ ಲೆಕ್ಕಕ್ಕೂ ಸೇರಿಲ್ಲ. ಬಿಲ್ಲಿನಲ್ಲಿ ಮದ್ಯವಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಅದನ್ನು ಕುಡಿದವರೇ ಬೇರೆಯಾಗಿ ಹಂಚಿಕೊಳ್ಳಲಿ.

ಸೇವಾ ಶುಲ್ಕ ಕಡ್ಡಾಯವಲ್ಲವೆಂದು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಹಣ ಕೊಡುವ ಮೊದಲೇ ತೆಗೆಯಲು ಹೇಳಿ; ಆಗ ನಿಮ್ಮ ಪಾಲು 420.