ಹಿಂದೆ ಕೂರುವವರ ಲೆಕ್ಕ ಹಿಂದಿನ ಟೈರಿಗೆ

ಮಗೂ, ಗಾಡಿ ತೊಳೆದು ಕನ್ನಡಿ ಫಳಫಳ ಮಾಡುತ್ತೀಯ, ಸಂತೋಷ. ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಶೇಷಾದ್ರಿಪುರಂನಿಂದ ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಹೊರಡುವ ಮೊದಲು ಒಂದು ಸಲ ಹಿಂದಿನ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡು. ಅಲ್ಲಿ ಬರೆದಿರುವುದನ್ನು ಓದದೆ ಕೀ ತಿರುಗಿಸಬೇಡ.

ನಿನ್ನಂಥ 110 ಸಿಸಿ ಸ್ಕೂಟರುಗಳ ಹಿಂದಿನ ಟೈರಿನಲ್ಲಿ ಹೆಚ್ಚಾಗಿ 90/100-10 53 ಜೆ ಎಂದಿರುತ್ತದೆ. 90 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 100 ಅಂದರೆ ಆ ಅಗಲದ ನೂರಕ್ಕೆ ನೂರರಷ್ಟು ಎತ್ತರ, ಅಂದರೆ ಅದೂ 90 ಮಿಲಿಮೀಟರ್. 10 ಅನ್ನುವುದು ರಿಮ್ಮಿನ ಅಳತೆ, ಇಂಚಿನಲ್ಲಿ. ಕೊನೆಯ ಜೆ ವೇಗದ ಮಿತಿ, ಗಂಟೆಗೆ 100 ಕಿಲೋಮೀಟರ್. ಅದರ ಗೊಡವೆ ನಿನಗೆ ಬೇಡ, ಸ್ವಸ್ತಿಕ್ ಸರ್ಕಲ್ಲಿನ ಟ್ರಾಫಿಕ್ಕೇ ಅದನ್ನು ನೋಡಿಕೊಳ್ಳುತ್ತದೆ. ನೀನು ಗಮನ ಇಡಬೇಕಾದ್ದು 53ರ ಮೇಲೆ. ಅದು 53 ಕಿಲೊ ಅಲ್ಲ, ಕೋಷ್ಟಕದ ಒಂದು ಸಂಖ್ಯೆ. ಅದರ ಅರ್ಥ, ಈ ಟೈರು ಹೆಚ್ಚೆಂದರೆ 206 ಕಿಲೊ ಹೊರಬಲ್ಲದು. ಅದೂ ಗಾಳಿ ಸಾಕಷ್ಟು ಇದ್ದರೆ ಮಾತ್ರ.

ಈಗ ಲೆಕ್ಕ ಹಾಕು, ಎಲ್ಲ ಅಂದಾಜೇ. ಖಾಲಿ ಗಾಡಿ ನೂರಾ ಐದು ಕಿಲೊ ಅಂತಿಟ್ಟುಕೋ, ಅದರಲ್ಲಿ 60 ಹಿಂದಿನ ಗಾಲಿಯ ಪಾಲು. ನೀನು 65 ಕಿಲೊ, ಅದರಲ್ಲಿ 40 ಅಲ್ಲಿಗೇ. ಒಬ್ಬನೇ ಹೋದಾಗ ಒಟ್ಟು ನೂರು. ಅಜ್ಜಿ 60 ಕಿಲೊ ಅಂದುಕೊಂಡರೆ, ಅವಳು ಕೂರುವುದು ಗಾಲಿಯ ನೆತ್ತಿಯ ಮೇಲೇ. ಅವಳ ಭಾರ ಮುಂದಕ್ಕೆ ಹೋಗುವುದೇ ಇಲ್ಲ. ನೂರು ಇದ್ದದ್ದು 160 ಆಯಿತು. ಮೂರನೆಯವನನ್ನೂ ಹತ್ತಿಸಿಕೊಂಡು ಟ್ರಿಪಲ್ಸ್ ಹೊಡೆಯುತ್ತೀಯಲ್ಲ, ಆಗ 206 ದಾಟಿತು. ಪೊಲೀಸರ ಭಯ ಹಾಗಿರಲಿ, ಟೈರೇ ಬೇಡ ಅನ್ನುತ್ತಿದೆ.

ಆದ್ದರಿಂದಲೇ ಇಬ್ಬರು ಕೂತಾಗ ಮುಂದಿನದಕ್ಕಿಂತ ಹಿಂದಿನ ಟೈರಿಗೆ ಗಾಳಿ ಹೆಚ್ಚು ಬೇಕು. ಇಂಥ ಅನೇಕ ಸ್ಕೂಟರುಗಳಿಗೆ ಮುಂದೆ 22 ಪಿಎಸ್‌ಐ, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36. ನಿನ್ನ ಗಾಡಿಗೆ ಎಷ್ಟು ಅನ್ನುವುದು ಗಾಡಿಯ ಸ್ಟಿಕ್ಕರಿನಲ್ಲೋ ಜೊತೆಗೆ ಕೊಟ್ಟ ಪುಸ್ತಕದಲ್ಲೋ ಇದೆ, ಅದೇ ಪ್ರಮಾಣ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ಟೈರು ತಡೆಯಬಲ್ಲ ಮಿತಿ, ಅಷ್ಟು ತುಂಬಿಸು ಅಂತ ಅರ್ಥವಲ್ಲ. ಕಾಲಲ್ಲಿ ಒದ್ದು ನೋಡಿ "ಗಾಳಿ ಸರಿ ಇದೆ" ಅನ್ನುವ ಅಭ್ಯಾಸವನ್ನೂ ಬಿಡು. 22ಕ್ಕೂ 30ಕ್ಕೂ ವ್ಯತ್ಯಾಸ ಕಾಲಿಗೆ ತಿಳಿಯುವುದಿಲ್ಲ.

ಬೆಳಿಗ್ಗೆ ಟೈರು ತಣ್ಣಗಿರುವಾಗ ಹೋಗು, ಹತ್ತಿರದ ಬಂಕಿಗೆ ನಿಧಾನವಾಗಿ ಹೋದರೆ ತೊಂದರೆಯಿಲ್ಲ. ಊರೆಲ್ಲ ಸುತ್ತಿ ಬಂದ ಮೇಲೆ ಅಳೆದರೆ ಬಿಸಿಗೆ ಎರಡು ಮೂರು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಜಾಸ್ತಿ ಆಯಿತು ಅಂತ ಆಗ ಇಳಿಸಿದೆಯೋ, ತಣ್ಣಗಾದ ಮೇಲೆ ಕಡಿಮೆಯೇ ಉಳಿಯುವುದು. ಮಷಿನ್ನಿನವನಿಗೆ "ಸಾಕಷ್ಟು ಹೊಡಿ" ಅನ್ನಬೇಡ. "ಹಿಂದೆ 36" ಅನ್ನು, ಅವನು ಒತ್ತಿದ ಅಂಕಿಯನ್ನು ನೋಡು.

ಗಾಳಿ ಕಡಿಮೆ ಇದ್ದು ಡಬಲ್ಸ್ ಹೋದರೆ ಗಾಡಿಯೇ ಹೇಳುತ್ತದೆ. ತಿರುವಿನಲ್ಲಿ ಹಿಂಭಾಗ ತೂಗಾಡುತ್ತದೆ, ಹಂಪಿನಲ್ಲಿ ರಿಮ್ಮು ಧಡ್ ಎನ್ನುತ್ತದೆ. ನಿಲ್ಲಿಸಿದಾಗ ಟೈರಿನ ಪಕ್ಕ ಉಬ್ಬಿ ನೆಲಕ್ಕೆ ಒತ್ತಿರುತ್ತದೆ. ಓಡುವಾಗ ಆ ಪಕ್ಕವೇ ಬಾಗಿ ಬಾಗಿ ಕಾದು ಒಳಗೆ ನುರಿಯುತ್ತದೆ.

ಸವೆತವನ್ನೂ ಓದು. ಟೈರಿನ ಪಕ್ಕದ ಅಂಚಿನಲ್ಲಿ ಪುಟ್ಟ ತ್ರಿಕೋನವೋ ಟಿ ಡಬ್ಲ್ಯೂ ಐ ಎಂಬ ಅಕ್ಷರಗಳೋ ಇರುತ್ತವೆ. ಅದರ ನೇರಕ್ಕೆ ಕಚ್ಚಿನೊಳಗೆ ಬೆರಳಾಡಿಸಿದರೆ ಒಂದು ಸಣ್ಣ ದಿಬ್ಬ ಸಿಗುತ್ತದೆ. ಮೇಲಿನ ರಬ್ಬರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಟೈರಿನ ಕೆಲಸ ಮುಗಿಯಿತು. ನಮ್ಮ ಕಾನೂನಿನಲ್ಲಿ ದ್ವಿಚಕ್ರಕ್ಕೆ ಕಚ್ಚಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಆದರೆ ಮೇ ತಿಂಗಳ ಮಳೆ ಲಿಂಕ್ ರೋಡಿಗೆ ಸುರಿಯುವಾಗ ಆ ಕೊನೆಯ ಗೆರೆಯವರೆಗೆ ಕಾಯಬೇಡ, ನೀರು ಹರಿದು ಹೋಗಲು ಕಚ್ಚು ಬೇಕು. ಎರಡು ಅಂಚೂ ಸವೆದು ನಡು ದಪ್ಪಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀಯ. ನಡು ಮಾತ್ರ ಬೋಳಾಗಿದ್ದರೆ ಗಾಳಿ ಜಾಸ್ತಿ ಇದ್ದಿರಬಹುದು, ಆದರೆ ನೇರ ರಸ್ತೆಯಲ್ಲೇ ಓಡುವ ಪೇಟೆಯ ಗಾಡಿಗೆ ನಡು ಮೊದಲು ಸವೆಯುವುದೂ ಸಹಜ. ಹಾಗಾಗಿ ಗೇಜು ಹಿಡಿಯದೆ ತೀರ್ಪು ಕೊಡಬೇಡ.

ಅಜ್ಜಿಯನ್ನು ಬಿಟ್ಟು ಬಂದ ಮೇಲೆ ವಾರವೆಲ್ಲ ಒಬ್ಬನೇ ಕಾಲೇಜಿಗೆ ಹೋಗುವುದಾದರೆ, ಮಾರನೆಯ ಬೆಳಿಗ್ಗೆ ತಣ್ಣಗಿರುವಾಗ 29ಕ್ಕೆ ಇಳಿಸು. ಇಲ್ಲದಿದ್ದರೆ ಗಾಡಿ ಕುಪ್ಪಳಿಸುತ್ತದೆ. ವಾಲ್ವಿನ ಕ್ಯಾಪನ್ನು ಜೇಬಿನಲ್ಲಿ ಮರೆಯದೆ ತಿರುಗಿಸಿ ಹಾಕು.